24 ಪುಟದ ತಡೆಯಾಜ್ಞೆ ಆದೇಶವನ್ನು ಒಂದು ಪುಟಕ್ಕೆ ಇಳಿಸೋದು ಹೇಗೆ?

ಪ್ರಶ್ನೆ: ತಾತನ 2 ಎಕರೆ 10 ಗುಂಟೆ ಜಮೀನಿನಲ್ಲಿ ಪಾಲು ಬೇಕು ಅಂತ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ದಾವೆ ಹಾಕಿದ್ದಾರೆ. ಅಪ್ಪ ಮತ್ತು ಚಿಕ್ಕಪ್ಪ ಪ್ರತಿವಾದಿಗಳು. 1998ರಲ್ಲೇ ಪಾಲುಪಟ್ಟಿ ಆಗಿದೆ, ಪಹಣಿ ಬೇರೆ ಬೇರೆ ಬರ್ತಿದೆ ಅನ್ನೋದು ನಮ್ಮ ವಾದ. ಪಾಲುಪಟ್ಟಿ ರಿಜಿಸ್ಟರ್ ಆಗಿಲ್ಲ. ಈಗ ಎರಡು ಮಧ್ಯಂತರ ಅರ್ಜಿಗಳ ಮೇಲೆ 24 ಪುಟದ ಆದೇಶ ಬಂದಿದೆ. ಜಮೀನು ಮಾರಬಾರದು ಅನ್ನೋ ಅರ್ಜಿ ಮಂಜೂರಾಗಿದೆ. ಚಿಕ್ಕಪ್ಪ ಮನೆ ಕಟ್ಟೋದನ್ನು ನಿಲ್ಲಿಸಬೇಕು ಅನ್ನೋ ಅರ್ಜಿ ವಜಾ ಆಗಿದೆ. ‘ನಮಗೆ ಪಾಲಿದೆ ಅಂತ ಕೋರ್ಟೇ ಹೇಳಿದೆ’ ಅಂತ ಅತ್ತೆ ಮನೆಯವರು, ‘ಕೇಸು ನಾವೇ ಗೆದ್ವಿ’ ಅಂತ ಚಿಕ್ಕಪ್ಪ. ಇದರ ಮಧ್ಯೆ ಮನೆ ಸಾಲದ ಮುಂದಿನ ಕಂತು ಬಿಡೋಕೆ ಮೊದಲು ಬ್ಯಾಂಕಿನವರು ಆದೇಶದ ಸಾರಾಂಶ ಕೇಳಿದ್ದಾರೆ. ಒಂದು ಪುಟದಲ್ಲಿ ತಪ್ಪಿಲ್ಲದೆ ಬರೆಯೋದು ಹೇಗೆ?

ಉತ್ತರ:

ನೀವು ಕಳಿಸಿದ ಪ್ರತಿಯನ್ನು ಪೂರ್ತಿ ಓದಿದೆ. ನಿಮ್ಮ ಅತ್ತೆ ಮನೆಯವರು ಹೇಳ್ತಿರೋದೂ ಸರಿಯಲ್ಲ, ಚಿಕ್ಕಪ್ಪ ಹೇಳ್ತಿರೋದೂ ಸರಿಯಲ್ಲ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದೇಶದಲ್ಲಿ ತಮಗೆ ಬೇಕಾದ ಒಂದು ತುಂಡು ಹಿಡ್ಕೊಂಡಿದ್ದಾರೆ, ಅಷ್ಟೆ.

ಮೊದಲು ಓದುವ ಕ್ರಮ ಹೇಳ್ತೀನಿ. ಇಂಥ ಆದೇಶವನ್ನು ಹಿಂದಿನಿಂದ ಓದಬೇಕು. ಕೊನೆಯ ಪುಟದಲ್ಲಿ ‘ಆದೇಶ’ ಅನ್ನೋ ತಲೆಬರಹದ ಕೆಳಗೆ ಇರುವ ನಾಲ್ಕೈದು ಸಾಲುಗಳೇ ನಿಮ್ಮನ್ನು ಕಟ್ಟಿಹಾಕುವುದು. ಅದಾದ ಮೇಲೆ ನಡುವೆ ಇರುವ ‘ಪರಿಗಣನೆಗೆ ಬರುವ ಅಂಶಗಳು’ ಅನ್ನೋ ಭಾಗಕ್ಕೆ ಬನ್ನಿ. ನಿಮ್ಮ ಪ್ರತಿಯಲ್ಲಿ ಅದು 11ನೇ ಪುಟದಲ್ಲಿದೆ. ಮೇಲ್ನೋಟಕ್ಕೆ ಪ್ರಕರಣ ಇದೆಯೇ, ಅನುಕೂಲತೆಯ ಸಮತೋಲನ ಯಾರ ಕಡೆ ಇದೆ, ತುಂಬಲಾರದ ನಷ್ಟ ಆಗುತ್ತದೆಯೇ ಅಂತ ಮೂರು ಪ್ರಶ್ನೆ ಹಾಕ್ಕೊಂಡು, ಪಕ್ಕದಲ್ಲೇ ಹೌದು ಅಥವಾ ಇಲ್ಲ ಅಂತ ಉತ್ತರ ಬರೆದಿದ್ದಾರೆ. ಆಮೇಲೆ ಕಾರಣಗಳು.

ಮೊದಲ 10 ಪುಟ ಏನು ಹಾಗಾದ್ರೆ? ಅದು ಎರಡೂ ಕಡೆಯವರ ಮಾತು, ನ್ಯಾಯಾಧೀಶರದ್ದಲ್ಲ. 4ನೇ ಪುಟದಲ್ಲಿ ‘ಸದರಿ ಪಾಲುಪಟ್ಟಿಯು ಸೃಷ್ಟಿಸಿದ ದಾಖಲೆಯಾಗಿರುತ್ತದೆ’ ಅಂತ ಒಂದು ಸಾಲಿದೆ. ನಿಮ್ಮ ಅತ್ತೆಯ ಮಗ ಅದನ್ನೇ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದಾರೆ ಅಂತ ಬರೆದಿದ್ದೀರಿ. ಆ ಪ್ಯಾರಾ ಶುರುವಾಗೋದೇ ‘ವಾದಿಯ ಪ್ರಕಾರ’ ಅಂತ. ಅಂದ್ರೆ ಅದು ಅತ್ತೆಯ ಆರೋಪ, ಕೋರ್ಟು ಸುಮ್ನೆ ದಾಖಲಿಸಿಕೊಂಡಿದೆ. ಕಕ್ಷಿದಾರರು ತರುವ ಸಾರಾಂಶಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಹಾಗೇ 13 ಮತ್ತು 14ನೇ ಪುಟದಲ್ಲಿ ಬೇರೆ ತೀರ್ಪುಗಳಿಂದ ಎತ್ತಿ ಬರೆದ ಭಾಗ ಇದೆ. ಅದು ಕಾನೂನಿನ ಹಿನ್ನೆಲೆ. ನಿಮ್ಮ ಜಮೀನಿನ ಬಗ್ಗೆ ಅಲ್ಲಿ ಏನೂ ಹೇಳಿಲ್ಲ. ಪೆನ್ಸಿಲ್ ತಗೊಂಡು ಈ ಎರಡೂ ಭಾಗಗಳ ಅಂಚಿಗೆ ಗೆರೆ ಎಳೆದು ಪಕ್ಕಕ್ಕಿಟ್ಟರೆ ನಿಮಗೆ ಉಳಿಯೋದು ಹನ್ನೆರಡು ಪುಟ. ಸಾರಾಂಶ ಬರಬೇಕಾದದ್ದು ಅಲ್ಲಿಂದ ಮಾತ್ರ.

ಈಗ ಮೊದಲನೇ ಪ್ರಶ್ನೆ, ಮೇಲ್ನೋಟಕ್ಕೆ ಪ್ರಕರಣ ಇದೆಯೇ ಅನ್ನೋದು. ಜಾಸ್ತಿ ಜಗಳ ಆಗೋದು ಇಲ್ಲೇ. ‘ಇದೆ’ ಅಂತ ಬಂದ ತಕ್ಷಣ ಹಕ್ಕು ಸಾಬೀತಾಯ್ತು ಅಂತ ಜನ ತಿಳ್ಕೊಳ್ತಾರೆ. ದಲ್ಪತ್ ಕುಮಾರ್ ವಿರುದ್ಧ ಪ್ರಹ್ಲಾದ್ ಸಿಂಗ್ ಅನ್ನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಮೇಲ್ನೋಟದ ಪ್ರಕರಣ ಬೇರೆ, ಮೇಲ್ನೋಟದ ಹಕ್ಕು ಬೇರೆ. ಹಕ್ಕು ಯಾರದ್ದು ಅನ್ನೋದು ಸಾಕ್ಷಿ ವಿಚಾರಣೆ ಆದಮೇಲೆ ತೀರ್ಮಾನ ಆಗಬೇಕು. ಈ ಹಂತದಲ್ಲಿ ನೋಡೋದು, ವಿಚಾರಣೆ ಮಾಡಲೇಬೇಕಾದ ಗಟ್ಟಿ ಪ್ರಶ್ನೆಯೊಂದನ್ನು ವಾದಿ ಪ್ರಾಮಾಣಿಕವಾಗಿ ಎತ್ತಿದ್ದಾರೆಯೇ ಅನ್ನೋದನ್ನು ಮಾತ್ರ.

ಯಾಕೆ ಅಷ್ಟಕ್ಕೇ ನಿಲ್ತಾರೆ ಅಂದ್ರೆ, ಈ ಹಂತದಲ್ಲಿ ಕೋರ್ಟಿನ ಮುಂದೆ ಇರೋದು ಪ್ರಮಾಣಪತ್ರಗಳು ಮತ್ತು ದಾಖಲೆಗಳ ಪ್ರತಿಗಳು. ಯಾರೂ ಕಟಕಟೆ ಹತ್ತಿಲ್ಲ, ಯಾರಿಗೂ ಪಾಟೀಸವಾಲು ಆಗಿಲ್ಲ. ಪಾಲುಪಟ್ಟಿಗೆ ಸಹಿ ಹಾಕಿದ ಪಂಚರು ಬಂದು ಒಂದು ಮಾತೂ ಹೇಳಿಲ್ಲ.

ನಿಮ್ಮ ಆದೇಶದ 16ನೇ ಪುಟ ನೋಡಿ. 1998ರ ಪಾಲುಪಟ್ಟಿ ನೋಂದಣಿ ಆಗಿಲ್ಲ ಅನ್ನೋದನ್ನು ಗುರುತಿಸಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂ 2005ರಲ್ಲಿ ತಿದ್ದುಪಡಿ ಆದಮೇಲೆ ಮಗಳೂ ಹುಟ್ಟಿನಿಂದಲೇ ಸಹಭಾಗಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗ ಆಗಿದ್ದರೆ ಅದನ್ನು ಕಾಯ್ದೆ ಕದಲಿಸುವುದಿಲ್ಲ. ಆದರೆ ಆ ವಿಭಾಗ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿರಬೇಕು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಸಣ್ಣ ಬಾಗಿಲು ಬಿಟ್ಟಿದೆ. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳು ಬೆಂಬಲಿಸುತ್ತಿದ್ದರೆ, ಅಪರೂಪದ ಸಂದರ್ಭದಲ್ಲಿ ಒಪ್ಪಬಹುದು. ಸಾಬೀತು ಮಾಡುವ ಭಾರ ಮಾತ್ರ ವಿಭಾಗ ಆಗಿದೆ ಅನ್ನುವವರ ಮೇಲೇ ಇರುತ್ತದೆ, ಅದೂ ಸಣ್ಣ ಭಾರವಲ್ಲ.

ನಿಮ್ಮ ಕಡೆ ಇರೋದು 1999ರಿಂದ ಬೇರೆ ಬೇರೆ ಬಂದ ಪಹಣಿಗಳು. ಪಹಣಿ ಮತ್ತು ಮ್ಯುಟೇಶನ್ ನಮೂದುಗಳು ಸರಿಯಿವೆ ಅಂತ ಭಾವಿಸಬೇಕು ಅಂತ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಆದರೆ ತಪ್ಪು ಅಂತ ಸಾಬೀತಾಗುವ ತನಕ ಮಾತ್ರ. ಪಹಣಿಯೊಂದರಿಂದಲೇ ಮಾಲೀಕತ್ವ ಹುಟ್ಟೋದಿಲ್ಲ. ನ್ಯಾಯಾಧೀಶರು ಎರಡನ್ನೂ ನೋಡಿ, ‘1998ರ ವಿಭಾಗ ನಡೆದಿದೆಯೇ ಎಂಬುದು ಪೂರ್ಣ ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ಅಂಶ’ ಅಂತ ಬರೆದು ಮುಂದೆ ಹೋಗಿದ್ದಾರೆ. ಪಾಲುಪಟ್ಟಿ ಸುಳ್ಳು ಅಂತ ಎಲ್ಲೂ ಹೇಳಿಲ್ಲ. ನಿಜ ಅಂತಲೂ ಹೇಳಿಲ್ಲ.

ಸಾರಾಂಶದಲ್ಲಿ ಈ ತೂಕ ಹಾಗೇ ಉಳೀಬೇಕು. ‘ಕೋರ್ಟು ತೀರ್ಮಾನಿಸಿದೆ’ ಅಂತ ಬರೆಯಬೇಡಿ. ‘ಮೇಲ್ನೋಟಕ್ಕೆ ಕಂಡುಬಂದಿದೆ’ ಅಂತ ಬರೆಯಿರಿ. ಯಾವ ದಾಖಲೆ ನೋಡಿ ಹಾಗೆ ಕಂಡಿತು, ಯಾವುದನ್ನು ವಿಚಾರಣೆಗೆ ಬಿಟ್ಟರು, ಇವೆರಡನ್ನೂ ಒಂದೊಂದು ಸಾಲಿನಲ್ಲಿ ಸೇರಿಸಿ. ಎರಡನೆಯದನ್ನು ಬಿಟ್ಟರೆ ಸಾರಾಂಶ ಒಂದು ಕಡೆಗೆ ವಾಲುತ್ತದೆ.

ಇನ್ನೊಂದು ಸೂಕ್ಷ್ಮ. ಮೇಲ್ನೋಟದ ಪ್ರಕರಣದ ಉತ್ತರ ಎರಡೂ ಅರ್ಜಿಗಳಿಗೆ ಒಂದೇ. ಎರಡರಲ್ಲೂ ಅದು ಅತ್ತೆಯ ಪರವಾಗಿಯೇ ಇದೆ. ಹಾಗಾದರೆ ಒಂದು ಮಂಜೂರು, ಇನ್ನೊಂದು ವಜಾ ಹೇಗಾಯ್ತು? ತಡೆಯಾಜ್ಞೆ ಬೇಕಾದರೆ ಮೂರೂ ಪ್ರಶ್ನೆಗೆ ವಾದಿಯ ಪರ ಉತ್ತರ ಬರಬೇಕು. ಒಂದು ತಪ್ಪಿದರೂ ಅರ್ಜಿ ನಿಲ್ಲೋದಿಲ್ಲ. ಚಿಕ್ಕಪ್ಪ ‘ಗೆದ್ವಿ’ ಅಂತಿರೋದು ಎರಡು ಮತ್ತು ಮೂರನೇ ಪ್ರಶ್ನೆಯ ಮೇಲೆ. ಮೊದಲನೆಯದರಲ್ಲಿ ಅವರ ವಾದಕ್ಕೆ ಇನ್ನೂ ಪುಷ್ಟಿ ಸಿಕ್ಕಿಲ್ಲ. ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಪಂಚರನ್ನು ಹುಡುಕಿ ಸಾಕ್ಷಿಗೆ ಸಿದ್ಧಮಾಡುವ ಕೆಲಸವನ್ನು ಅವರು ಉದಾಸೀನ ಮಾಡ್ತಾರೆ.

ಅನುಕೂಲತೆಯ ಸಮತೋಲನ ಅಂದ್ರೆ, ತಡೆ ಕೊಟ್ಟರೆ ಪ್ರತಿವಾದಿಗೆ ಆಗುವ ತೊಂದರೆ, ಕೊಡದಿದ್ದರೆ ವಾದಿಗೆ ಆಗುವ ತೊಂದರೆ, ಇವೆರಡರಲ್ಲಿ ಯಾವುದು ದೊಡ್ಡದು ಅಂತ ತೂಗೋದು. ಸಾರಾಂಶದಲ್ಲಿ ‘ಸಮತೋಲನ ವಾದಿಯ ಪರ’ ಅಂತಷ್ಟೇ ಬರೆದರೆ ಓದಿದವರಿಗೆ ಏನೂ ತಿಳಿಯೋದಿಲ್ಲ. ಎರಡೂ ಕಡೆ ಏನಿಟ್ಟು ತೂಗಿದರು ಅಂತ ಬರೀಬೇಕು.

ಮಾರಾಟದ ಅರ್ಜಿಯಲ್ಲಿ ನಿಮ್ಮ ವಕೀಲರು ಒಂದು ಒಳ್ಳೆಯ ವಾದ ಮಾಡಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ದಾವೆ ನಡೆಯುವಾಗ ಕೊಂಡವನೂ ತೀರ್ಪಿಗೆ ಬದ್ಧನೇ, ಹಾಗಿರುವಾಗ ತಡೆ ಯಾಕೆ ಅಂತ. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಕೊಂಡವನು ಬದ್ಧನಾದರೂ ಹೊಸ ಜನ ದಾವೆಯೊಳಗೆ ಬರ್ತಾರೆ, ವ್ಯಾಜ್ಯ ಬೆಳೆಯುತ್ತೆ ಅಂದಿದ್ದಾರೆ. ಇನ್ನೊಂದು ಕಡೆ, ತಡೆ ಕೊಟ್ಟರೂ ಅಣ್ಣತಮ್ಮಂದಿರ ಉಳುಮೆ ನಿಲ್ಲೋದಿಲ್ಲ, ಸ್ವಾಧೀನ ತಪ್ಪೋದಿಲ್ಲ. ಮಾರಬೇಕಾದ ತುರ್ತು ಏನಿದೆ ಅಂತ ಆಕ್ಷೇಪಣೆಯಲ್ಲಿ ಅವರು ಹೇಳಿಯೂ ಇಲ್ಲ. ಹಾಗಾಗಿ ತಕ್ಕಡಿ ಅತ್ತೆಯ ಕಡೆ ಇಳಿಯಿತು.

ಮನೆಯ ಅರ್ಜಿಯಲ್ಲಿ ಚಿತ್ರ ಬೇರೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ, ಅದರ ಫೋಟೋಗಳು ಕಡತದಲ್ಲಿವೆ. ಭೂಪರಿವರ್ತನೆ ಆಗಿರುವ 3 ಗುಂಟೆ ಜಾಗ, ದಾವೆಗೆ ಮೊದಲೇ ಮಂಜೂರಾದ ಸಾಲ. ಈಗ ನಿಲ್ಲಿಸಿದರೆ ಚಿಕ್ಕಪ್ಪ ಬಡ್ಡಿಯನ್ನೂ ಕಟ್ಟಬೇಕು, ಬಾಡಿಗೆಯನ್ನೂ ಕಟ್ಟಬೇಕು, ಗೋಡೆ ಮಳೆಗೆ ನೆನೆಯುತ್ತದೆ. ನಿಲ್ಲಿಸದಿದ್ದರೆ ಅತ್ತೆಗೆ ಏನಾಗುತ್ತದೆ? ಇಲ್ಲಿ ನ್ಯಾಯಾಧೀಶರು ಸರಳವಾದ ಲೆಕ್ಕ ಹಾಕಿದ್ದಾರೆ. ಒಟ್ಟು 90 ಗುಂಟೆ. ಅತ್ತೆ ಪೂರ್ತಿ ಗೆದ್ದರೂ ಮೂವರಿಗೂ 30 ಗುಂಟೆಯಂತೆ. ಮನೆ ನಿಂತಿರೋದು 3 ಗುಂಟೆಯಲ್ಲಿ. ಆ 3 ಗುಂಟೆಯನ್ನು ಚಿಕ್ಕಪ್ಪನ 30ರೊಳಗೆ ಸೇರಿಸಿದರೂ ಅತ್ತೆಗೆ ಕೊಡಲು ಖಾಲಿ ಜಮೀನು ಬೇಕಾದಷ್ಟು ಉಳಿಯುತ್ತದೆ.

ಆ ಲೆಕ್ಕವೇ ಮೂರನೇ ಪ್ರಶ್ನೆಗೂ ಉತ್ತರ. ತುಂಬಲಾರದ ನಷ್ಟ ಅಂದ್ರೆ ದೊಡ್ಡ ನಷ್ಟ ಅಂತಲ್ಲ. ನಷ್ಟವನ್ನು ಸರಿಪಡಿಸೋಕೆ ಸಾಧ್ಯವೇ ಇಲ್ಲ ಅಂತಲೂ ಅಲ್ಲ. ಅದೇ ದಲ್ಪತ್ ಕುಮಾರ್ ತೀರ್ಪು ಹೇಳುವಂತೆ, ಹಣ ಕೊಟ್ಟು ಸಾಕಷ್ಟು ಭರ್ತಿ ಮಾಡಲಾಗದ ಗಣನೀಯ ನಷ್ಟ ಅದು. ಮನೆಯ ವಿಷಯದಲ್ಲಿ ಕೊನೆಯಲ್ಲಿ ಪಾಲು ಹಂಚುವಾಗ ಹೊಂದಿಸಿಕೊಳ್ಳಬಹುದು ಅಂತ ಕಂಡಿದ್ದರಿಂದ ‘ಇಲ್ಲ’ ಅಂತ ಉತ್ತರ ಬಂತು. ಮಾರಾಟದ ವಿಷಯದಲ್ಲಿ, ತುಂಡು ತುಂಡಾಗಿ ಮಾರಿ ಬೇರೆಯವರು ಒಳಗೆ ಬಂದುಬಿಟ್ಟರೆ ಪಿತ್ರಾರ್ಜಿತ ಜಮೀನಿನ ಪಾಲನ್ನು ದುಡ್ಡಿನಲ್ಲಿ ಅಳೆಯೋದು ಕಷ್ಟ ಅಂತ ‘ಹೌದು’ ಬಂತು. ಸಾರಾಂಶ ಬರೆಯುವವರು ಎರಡನೇ ಮತ್ತು ಮೂರನೇ ಪ್ರಶ್ನೆಯನ್ನು ಕಲಸಿಬಿಡ್ತಾರೆ. ಕೆಲವು ಆದೇಶಗಳಲ್ಲಿ ನ್ಯಾಯಾಧೀಶರೇ ಎರಡನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿರುತ್ತಾರೆ. ಹಾಗಿದ್ದಾಗ ‘ಎರಡಕ್ಕೂ ಒಟ್ಟಿಗೆ ಕಾರಣ ಕೊಟ್ಟಿದ್ದಾರೆ’ ಅಂತ ಬರೆಯಿರಿ. ಅವರು ಕೊಡದ ಕಾರಣವನ್ನು ನೀವು ಹುಟ್ಟಿಸಬೇಡಿ.

ಇಷ್ಟನ್ನು ಸೇರಿಸಿದರೆ ನಿಮ್ಮ ಮನೆಯವರಿಗೆ ಕಳಿಸುವ ಬರಹ ಹೀಗೆ ಬರುತ್ತದೆ:

‘ಅತ್ತೆ ಹಾಕಿದ ವಿಭಾಗದ ದಾವೆಯಲ್ಲಿ ಎರಡು ಮಧ್ಯಂತರ ಅರ್ಜಿಗಳ ಮೇಲೆ ಆದೇಶ ಆಗಿದೆ. ದಾವೆ ಇನ್ನೂ ತೀರ್ಮಾನ ಆಗಿಲ್ಲ. 

ಮೇಲ್ನೋಟದ ಪ್ರಕರಣ: ಪಾಲುಪಟ್ಟಿ ನೋಂದಣಿ ಆಗಿಲ್ಲದ ಕಾರಣ, ಮಗಳಿಗೆ ಪಾಲಿದೆಯೇ ಎಂಬ ಗಂಭೀರ ಪ್ರಶ್ನೆ ಇದೆ ಎಂದು ಮೇಲ್ನೋಟಕ್ಕೆ ಕಂಡುಬಂದಿದೆ. 1998ರಲ್ಲಿ ವಿಭಾಗ ಆಗಿತ್ತೇ, 1999ರಿಂದಿನ ಪಹಣಿಗಳಿಗೆ ಎಷ್ಟು ಬೆಲೆ ಎಂಬುದನ್ನು ವಿಚಾರಣೆಗೆ ಬಿಡಲಾಗಿದೆ. ಇದು ಎರಡೂ ಅರ್ಜಿಗೆ ಅನ್ವಯ. 

ಮಾರಾಟ ತಡೆಯುವ ಅರ್ಜಿ: ಮಾರಿದರೆ ಮೂರನೆಯವರು ಬಂದು ವ್ಯಾಜ್ಯ ಬೆಳೆಯುತ್ತದೆ. ತಡೆ ಕೊಟ್ಟರೂ ಪ್ರತಿವಾದಿಗಳ ಉಳುಮೆಗೆ ಅಡ್ಡಿಯಿಲ್ಲ. ಮಾರಾಟದಿಂದ ಆಗುವ ನಷ್ಟವನ್ನು ಹಣದಿಂದ ತುಂಬುವುದು ಕಷ್ಟ. ಆದ್ದರಿಂದ ಮಂಜೂರು. 

ಮನೆ ನಿಲ್ಲಿಸುವ ಅರ್ಜಿ: ಕಟ್ಟಡ ಲಿಂಟಲ್ ಮಟ್ಟದಲ್ಲಿದೆ, ನಿಲ್ಲಿಸಿದರೆ ಪ್ರತಿವಾದಿಗೆ ಹೆಚ್ಚು ತೊಂದರೆ. 90 ಗುಂಟೆಯಲ್ಲಿ 3 ಗುಂಟೆ ಮಾತ್ರ ಆದ್ದರಿಂದ ಪಾಲು ಹಂಚುವಾಗ ಹೊಂದಿಸಬಹುದು, ತುಂಬಲಾರದ ನಷ್ಟ ಇಲ್ಲ. ಆದ್ದರಿಂದ ಷರತ್ತಿನೊಂದಿಗೆ ವಜಾ.’

ಇದರ ಕೆಳಗೆ ಕೊನೆಯ ಪುಟದ ಆದೇಶ ಭಾಗವನ್ನು ಮಾತ್ರ ನಿಮ್ಮ ಮಾತಿನಲ್ಲಿ ಬರೆಯಬೇಡಿ. ಅಕ್ಷರ ಬಿಡದೆ ಹಾಗೇ ನಕಲು ಮಾಡಿ. ಯಾಕೆ ಅಂತ ಹೇಳ್ತೀನಿ.

ನೀವು ‘ಮಾರಬಾರದು ಅಂತ ಆಗಿದೆ’ ಅಂತ ಬರೆದಿದ್ದೀರಿ. ಆದೇಶದಲ್ಲಿ ಇರೋದು, ದಾವೆ ಮುಗಿಯುವ ತನಕ ಷೆಡ್ಯೂಲ್ ಸ್ವತ್ತನ್ನು ‘ಪರಭಾರೆ ಮಾಡದಂತೆ ಅಥವಾ ಯಾವುದೇ ರೀತಿಯ ಋಣಭಾರ ಸೃಷ್ಟಿಸದಂತೆ’ ಅಂತ. ಪರಭಾರೆ ಅಂದ್ರೆ ಕ್ರಯ ಮಾತ್ರ ಅಲ್ಲ, ದಾನಪತ್ರವೂ ಬರುತ್ತದೆ. ಋಣಭಾರದಲ್ಲಿ ಅಡಮಾನ ಬರುತ್ತದೆ. ಷೆಡ್ಯೂಲ್ ಅಂದ್ರೆ ದಾವೆಯ ಸ್ವತ್ತಿನ ಪಟ್ಟಿ, ಅದರಲ್ಲಿ ಆ 3 ಗುಂಟೆಯೂ ಸೇರಿದೆ. ಅಂದ್ರೆ ಮನೆ ಕಟ್ಟೋಕೆ ತಡೆ ಇಲ್ಲ, ಆದರೆ ಆ ಜಾಗದ ಮೇಲೆ ಹೊಸದಾಗಿ ಸಾಲ ಎತ್ತೋಕೆ ತಡೆ ಇದೆ. ಬ್ಯಾಂಕಿನವರು ಕೇಳ್ತಿರೋದು ಸರಿಯಾಗಿ ಈ ಜಾಗದ್ದೇ, ಅಲ್ವಾ?

ಅಡಮಾನ ದಾವೆಗೆ ಮೊದಲೇ ಆಗಿದೆ. ಅದೇ ಮಂಜೂರಾತಿಯ ಉಳಿದ ಕಂತು ಬಿಡೋದು ಹೊಸ ಋಣಭಾರ ಅಲ್ಲ ಅಂತ ವಾದಿಸಲು ಜಾಗ ಇದೆ. ನನಗೂ ಆ ವಾದ ಸರಿ ಅನಿಸುತ್ತದೆ. ಆದರೆ ಅತ್ತೆಯ ವಕೀಲರು ಹಾಗೆ ನೋಡಬೇಕಾಗಿಲ್ಲ. ಟಾಪ್-ಅಪ್ ಸಾಲ ಅಥವಾ ಬೇರೆ ಬ್ಯಾಂಕಿಗೆ ಸಾಲ ವರ್ಗಾವಣೆಯನ್ನಂತೂ ಈಗ ಮುಟ್ಟಲೇಬೇಡಿ. ತಡೆಯಾಜ್ಞೆ ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39 ರೂಲ್ 2ಎ ಅಡಿ ಸ್ವತ್ತು ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಬಂಧನಕ್ಕೂ ಕಳಿಸಬಹುದು. ಹಾಗಾಗಿ ಬ್ಯಾಂಕಿಗೆ ನಿಮ್ಮ ಸಾರಾಂಶವನ್ನು ಮಾತ್ರ ಕೊಡಬೇಡಿ. ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ, ಸಾರಾಂಶದಲ್ಲಿ ಋಣಭಾರದ ಸಾಲು ಎದ್ದು ಕಾಣಲಿ. ಮುಚ್ಚಿಟ್ಟು ಕಂತು ತಗೊಂಡರೆ ನಾಳೆ ಕೋರ್ಟಿನಲ್ಲೂ ಬ್ಯಾಂಕಿನಲ್ಲೂ ಚಿಕ್ಕಪ್ಪನ ಮಾತಿಗೆ ಬೆಲೆ ಇರೋದಿಲ್ಲ.

ವಜಾ ಆದ ಅರ್ಜಿಯ ಜೊತೆ ಇರುವ ಷರತ್ತೂ ಹೀಗೇ ಕಣ್ತಪ್ಪಿ ಹೋಗುವಂಥದ್ದು. ಕಟ್ಟಡ ಮುಂದುವರಿಸುವುದು ‘ತನ್ನ ಸ್ವಂತ ಹೊಣೆಯ ಮೇಲೆ’, ದಾವೆಯಲ್ಲಿ ಸೋತರೆ ಕಟ್ಟಡದ ಆಧಾರದಲ್ಲಿ ‘ಯಾವುದೇ ಹಕ್ಕು ಸಾಧಿಸತಕ್ಕದ್ದಲ್ಲ’ ಅಂತಿದೆ. ಕೊನೆಯ ಡಿಕ್ರಿ ಹಂತದಲ್ಲಿ ಸಾಮಾನ್ಯವಾಗಿ ಕಟ್ಟಿದವರ ಪಾಲಿಗೇ ಆ ಜಾಗ ಬರುವಂತೆ ಹಂಚೋಕೆ ಕೋರ್ಟು ನೋಡುತ್ತದೆ. ಆದರೆ ಈ ಷರತ್ತು ಇರುವಾಗ ‘ಮನೆ ಕಟ್ಟಿದ್ದೀನಿ, ನನಗೇ ಕೊಡಿ’ ಅಂತ ಚಿಕ್ಕಪ್ಪ ಹಕ್ಕಿನಿಂದ ಕೇಳೋಕೆ ಬರೋದಿಲ್ಲ. ಮೊದಲ ಮಹಡಿ ಹಾಕಿಸುವ ಯೋಚನೆ ಇದ್ದರೆ ಇದನ್ನು ಅವರಿಗೆ ಈಗಲೇ ಓದಿ ಹೇಳಿ.

ಮುಂದೇನು ಅಂದ್ರೆ ಮೂರು ದಾರಿ ಇದೆ. ಮಾರಾಟದ ತಡೆಯ ಮೇಲೆ ಆರ್ಡರ್ 43 ರೂಲ್ 1ಆರ್ ಅಡಿ ಮೇಲ್ಮನವಿ ಹಾಕಬಹುದು. ನನಗೆ ಇದರಲ್ಲಿ ಹೆಚ್ಚು ಭರವಸೆ ಇಲ್ಲ. ವಾಂಡರ್ ವಿರುದ್ಧ ಆಂಟಾಕ್ಸ್ ಪ್ರಕರಣದಿಂದ ಈಚೆಗೆ ನಿಯಮ ಗಟ್ಟಿಯಾಗಿದೆ. ಕೆಳಗಿನ ಕೋರ್ಟು ಮನಬಂದಂತೆ ಮಾಡಿದ್ದರೆ ಅಥವಾ ಸ್ಥಾಪಿತ ತತ್ವಗಳನ್ನು ಕಡೆಗಣಿಸಿದ್ದರೆ ಮಾತ್ರ ಮೇಲಿನ ಕೋರ್ಟು ಕೈಹಾಕುತ್ತದೆ. ಇನ್ನೊಂದು ಅಭಿಪ್ರಾಯ ಸಾಧ್ಯ ಅನ್ನೋದು ಸಾಲದು. ನಿಮ್ಮ ಆದೇಶದಲ್ಲಿ ಮೂರೂ ಪ್ರಶ್ನೆಗೆ ಕಾರಣ ಇದೆ. ಅಲ್ಲಿ ಸೋತರೆ ಮೇಲಿನ ಕೋರ್ಟಿನಿಂದಲೂ ನಿಮ್ಮ ವಿರುದ್ಧ ನಾಲ್ಕು ಸಾಲು ಬರೆಸಿಕೊಂಡ ಹಾಗಾಗುತ್ತದೆ.

ಎರಡನೆಯದು, ಅದೇ ಕೋರ್ಟಿನಲ್ಲಿ ಆರ್ಡರ್ 39 ರೂಲ್ 4ರ ಅಡಿ ಆದೇಶ ಮಾರ್ಪಾಡು ಮಾಡಿ ಅಂತ ಅರ್ಜಿ. ಎರಡೂ ಕಡೆ ಕೇಳಿ ಆದ ಆದೇಶವನ್ನು ಬದಲಾಯಿಸಬೇಕಾದರೆ ಪರಿಸ್ಥಿತಿ ಬದಲಾಗಿರಬೇಕು, ಇಲ್ಲವೇ ಅನಗತ್ಯ ಕಷ್ಟ ಆಗ್ತಿರಬೇಕು. ತಡೆಯನ್ನೇ ತೆಗೆಸೋಕೆ ಹೋಗದೆ, ಹಳೆಯ ಅಡಮಾನದ ಉಳಿದ ಕಂತು ಪಡೆಯೋಕೆ ಅಡ್ಡಿಯಿಲ್ಲ ಅಂತಷ್ಟೇ ಸ್ಪಷ್ಟನೆ ಕೇಳಿ. ಮಂಜೂರಾತಿ ಪತ್ರ, ಅಡಮಾನದ ದಾಖಲೆ, ಇದುವರೆಗೆ ಬಂದ ಕಂತುಗಳ ವಿವರ ಲಗತ್ತಿಸಿ. ನಿಮ್ಮ ಜಾಗದಲ್ಲಿದ್ದರೆ ನಾನು ಇದನ್ನೇ ಮಾಡ್ತೀನಿ.

ಮೂರನೆಯದು, ಆದೇಶವನ್ನು ಹಾಗೇ ಬಿಟ್ಟು ವಿಚಾರಣೆಗೆ ಒತ್ತು ಕೊಡೋದು. ಪಾಲುಪಟ್ಟಿಗೆ ಸಾಕ್ಷಿ ಹಾಕಿದ ಪಂಚರಲ್ಲಿ ಯಾರು ಉಳಿದಿದ್ದಾರೆ ನೋಡಿ. ವಯಸ್ಸಾದವರಿದ್ದರೆ ಕಮಿಷನರ್ ಮೂಲಕ ಬೇಗ ಸಾಕ್ಷಿ ದಾಖಲಿಸಲು ವಕೀಲರ ಹತ್ತಿರ ಮಾತಾಡಿ. 1999ರ ಮ್ಯುಟೇಶನ್ ಕಡತದ ದೃಢೀಕೃತ ಪ್ರತಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ. ಆ ಕಡತದಲ್ಲಿ ತಾತನ ಹೇಳಿಕೆ ಅಥವಾ ಅತ್ತೆಯ ಒಪ್ಪಿಗೆ ಇದ್ದರೆ ಪಹಣಿಗಿಂತ ಅದರ ತೂಕ ಜಾಸ್ತಿ. ಎರಡನೇ ಮತ್ತು ಮೂರನೇ ದಾರಿಯನ್ನು ಒಟ್ಟಿಗೆ ಹಿಡಿಯಬಹುದು.

ಮೇಲ್ಮನವಿಯ ಯೋಚನೆ ಬಿಡೋಕೆ ಆಗಲ್ಲ ಅಂತಾದರೆ ದಿನ ಲೆಕ್ಕ ಇಡಿ. ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ನಿಮ್ಮದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ದಾವೆಯ ಮೌಲ್ಯ ನೋಡಿ ವಕೀಲರು ಹೇಳ್ತಾರೆ. ದೃಢೀಕೃತ ಪ್ರತಿ ತಯಾರಾಗಲು ಹಿಡಿದ ದಿನಗಳನ್ನು ಈ ಅವಧಿಯಿಂದ ಕಳೀತಾರೆ. ಆದರೆ ಪ್ರತಿಗೆ ನೀವು ಅರ್ಜಿ ಹಾಕಿದ ಮೇಲಿನ ದಿನಗಳನ್ನು ಮಾತ್ರ. ನನಗೆ ಕಳಿಸಿರೋದು ಇ-ಕೋರ್ಟ್ಸ್ ತಾಣದಿಂದ ಇಳಿಸಿಕೊಂಡ ಪ್ರತಿ. ದೃಢೀಕೃತ ಪ್ರತಿಗೆ ಇನ್ನೂ ಅರ್ಜಿ ಹಾಕಿಲ್ಲದಿದ್ದರೆ ನಾಳೆಯೇ ಹಾಕಿ. ಬ್ಯಾಂಕಿಗೂ ಅದೇ ಬೇಕು.